ಎದ್ದು ಹೋಗುವ ತನಕ ವ್ಯಾಪಾರ ಮುಗಿದಿಲ್ಲ

ಶಾರ್ಜಾದಲ್ಲಿ ಹಳೆ ಕಾರು ನೋಡಲು ಹೋಗುವಾಗ ನಾನು ಭಟ್ಕಳದ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತೇನೆ. ಅವರು ಮದ್ರಸಾದಲ್ಲಿ ಶಾಫಿ ಪಂಥದ ಫಿಕ್ಹ್, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರ ಓದಿದವರು. ಒಮ್ಮೆ ರೇಟು ಕುದುರಿದ ಮೇಲೆ ಮೆಲ್ಲಗೆ ಹೇಳಿದರು: “ಮಾರಾಯ್ರೇ, ಇಲ್ಲಿಂದ ಏಳುವ ತನಕ ನೀವು ಬೇಡ ಅನ್ನಬಹುದು. ಅವನೂ ಅನ್ನಬಹುದು.”

ಇದೇ ಖಿಯಾರುಲ್ ಮಜ್ಲಿಸ್, ಅಂದರೆ ಬೈಠಕ್ ಮುಗಿಯುವ ತನಕದ ಆಯ್ಕೆ. ಕೊಳ್ಳುವವರು, ಮಾರುವವರು ಬೇರೆಯಾಗುವ ತನಕ ಇಬ್ಬರಿಗೂ ಆಯ್ಕೆ ಇದೆ ಅನ್ನುವುದು ಪ್ರವಾದಿಯವರ ಮಾತು. ಅದನ್ನು ವರದಿ ಮಾಡಿದ, ಪ್ರವಾದಿಯವರ ಸಂಗಾತಿ ಇಬ್ನ್ ಉಮರ್, ಇಷ್ಟವಾದ ವಸ್ತು ಕೊಂಡರೆ ನಾಲ್ಕು ಹೆಜ್ಜೆ ದೂರ ನಡೆದುಬಿಡುತ್ತಿದ್ದರಂತೆ, ವ್ಯಾಪಾರ ಗಟ್ಟಿಯಾಗಲಿ ಅಂತ! ಮಾತಾಡುತ್ತಾ ಇಬ್ಬರೂ ಒಟ್ಟಿಗೇ ಹೊರಗೆ ನಡೆದರೆ ಶಾಫಿಗಳ ಪ್ರಕಾರ ಬೈಠಕ್ ಇನ್ನೂ ಮುಗಿದಿಲ್ಲ. ಇನ್ನೊಂದು ಪಂಥದವರಾದ ಹನಫಿಗಳು ಈ ಆಯ್ಕೆಯನ್ನೇ ಒಪ್ಪುವುದಿಲ್ಲ. ಒಬ್ಬ “ಕೊಟ್ಟೆ” ಅಂದು ಇನ್ನೊಬ್ಬ “ಕೊಂಡೆ” ಅಂದರೆ ಅವರಿಗೆ ಅಲ್ಲಿಗೇ ಮುಗಿಯಿತು. ನಮ್ಮ ಕರಾವಳಿಯ ಮುಸ್ಲಿಮರು ಹೆಚ್ಚಾಗಿ ಶಾಫಿಗಳು, ಒಳನಾಡಿನವರು ಹೆಚ್ಚಾಗಿ ಹನಫಿಗಳು. ಹಾಗಾಗಿ ಇದೇ ಪ್ರಶ್ನೆಗೆ ಭಟ್ಕಳದಲ್ಲೊಂದು ಉತ್ತರ, ಕಲಬುರಗಿಯಲ್ಲೊಂದು.

ಎದ್ದು ಹೋದ ಮೇಲೂ ಯೋಚಿಸಲು ಸಮಯ ಬೇಕಿದ್ದರೆ ಮೊದಲೇ ಷರತ್ತು ಹಾಕಬೇಕು. ಈ ಎರಡು ಪಂಥಗಳ ಮೂಲ ಗುರುಗಳಾದ ಶಾಫಿ ಮತ್ತು ಅಬೂ ಹನೀಫಾ ಇದಕ್ಕೆ 3 ದಿನದ ಮಿತಿ ಇಟ್ಟರು. ಅಬೂ ಹನೀಫಾರ ಇಬ್ಬರು ಶಿಷ್ಯರು, ದಿನ ನಿಗದಿಯಾಗಿದ್ದರೆ ಜಾಸ್ತಿ ಆದರೂ ಸರಿ ಅಂದರು.

ದೋಷ ಸಿಕ್ಕರೆ ವಾಪಸ್ ಕೊಡಲು ಷರತ್ತು ಬೇಕಾಗಿಲ್ಲ. ಆ ದೋಷ ವಸ್ತು ಕೈಗೆ ಬರುವ ಮೊದಲೇ ಇದ್ದಿರಬೇಕು, ಕೊಂಡವರಿಗೆ ಗೊತ್ತಿರಬಾರದು, ವ್ಯಾಪಾರಿಗಳ ಲೆಕ್ಕದಲ್ಲಿ ಬೆಲೆ ಇಳಿಸುವಂಥದ್ದಾಗಿರಬೇಕು. ಗೊತ್ತಾದ ಮೇಲೂ ಸುಮ್ನೆ ಓಡಿಸಿಕೊಂಡಿದ್ದರೆ ಶಾಫಿಗಳ ಬಳಿ ಹಕ್ಕು ಹೋಯಿತು. ದೋಷವಿದ್ದರೆ ವಾಪಸ್ ಕೊಡಿ, ಇಲ್ಲ ಪೂರ್ತಿ ಬೆಲೆಗೇ ಇಟ್ಟುಕೊಳ್ಳಿ ಅನ್ನುತ್ತಾರೆ ಶಾಫಿಗಳೂ ಹನಫಿಗಳೂ. ಮತ್ತೊಂದು ಪಂಥದ ಹನ್ಬಲಿಗಳಾದರೆ ಇಟ್ಟುಕೊಂಡು ಪರಿಹಾರ ಕೇಳಲೂ ಬಿಡುತ್ತಾರೆ.

ಆ ಪರಿಹಾರದ ಲೆಕ್ಕ ನನಗೆ ತುಂಬ ಹಿಡಿಸಿತು. ಕಾರನ್ನು 15,000 ದಿರ್ಹಮ್‌ಗೆ ಕೊಂಡಿದ್ದೀರಿ, ಗೇರ್‌ಬಾಕ್ಸ್ ಹಾಳು ಅಂತಿಟ್ಟುಕೊಳ್ಳಿ. ಸರಿಯಿದ್ದಿದ್ದರೆ ಮಾರುಕಟ್ಟೆ ಬೆಲೆ 20,000, ಈ ದೋಷದ ಜೊತೆ 16,000. ಸಿಗುವುದು 4,000 ಅಲ್ಲ. ಬೆಲೆ ಐದರಲ್ಲಿ ಒಂದು ಪಾಲು ಇಳಿದಿದೆ, ಹಾಗಾಗಿ ನೀವು ಕೊಟ್ಟದ್ದರಲ್ಲಿ ಐದರಲ್ಲಿ ಒಂದು, ಅಂದರೆ 3,000. ವ್ಯತ್ಯಾಸವನ್ನೇ ಕೊಟ್ಟರೆ, ಅಗ್ಗಕ್ಕೆ ಕೊಂಡವನಿಗೆ ಕೆಲವೊಮ್ಮೆ ಕಾರೂ ಸಿಕ್ಕಿ ಕೊಟ್ಟ ಹಣವೂ ವಾಪಸ್ ಬಂದುಬಿಡುತ್ತದೆ.

ಈಗಿನ ಕೋರ್ಟುಗಳು ಸರ್ಕಾರದ ಕಾನೂನು ನೋಡುತ್ತವೆ, ಅದು ಬೇರೆ ವಿಷಯ. ಹಳೆಯ ಶಾಸ್ತ್ರದಲ್ಲಿ ನಾನು ಕೇಳಿದ ಇನ್ನೊಂದು ಪ್ರಶ್ನೆ: ದೋಷ ತಿಳಿಯುವ ಮೊದಲು ಕಾರನ್ನು ಬಾಡಿಗೆಗೆ ಕೊಟ್ಟು ದುಡಿದಿದ್ದರೆ? “ಬಾಡಿಗೆ ನಿಮ್ಮದೇ,” ಅಂದರು ನನ್ನ ಸಹೋದ್ಯೋಗಿ. “ಆ ದಿನಗಳಲ್ಲಿ ಕಾರು ಸುಟ್ಟುಹೋಗಿದ್ದರೆ ನಷ್ಟ ಯಾರದ್ದಾಗುತ್ತಿತ್ತು?”