ಸ್ಕ್ರೂ ತಿರುಗಿಸಿದರೆ ಸವೆದ ವೀಲ್ ಸರಿಯಾಗುವುದಿಲ್ಲ

ವಾರ್ಡ್‌ರೋಬ್ ಸ್ಲೈಡಿಂಗ್ ಬಾಗಿಲು ಟ್ರ್ಯಾಕ್ ಬಿಟ್ಟರೆ ಹೋಂಸ್ಟೇ ಮ್ಯಾನೇಜರ್‌ಗಳು ಹೇಳುವುದು ಒಂದೇ ಮಾತು: "ಸ್ಕ್ರೂ ಒಂಚೂರು ಟೈಟ್ ಮಾಡಿ, ಸಾಕು." ಈ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ಹಾಗೆ ಟೈಟ್ ಮಾಡಿ ಮಾಡಿಯೇ ಬಾಗಿಲು ಬಿಚ್ಚಲಾಗದ ಸ್ಥಿತಿಗೆ ಬಂದಿತ್ತು.

ಶಟರ್, ಅಂದರೆ ಜಾರುವ ಬಾಗಿಲಿನ ಹಲಗೆ, ಏಳು ಅಡಿ ಎತ್ತರ, ಮೂರು ಅಡಿ ಅಗಲ. 18 ಎಂಎಂ ಪ್ಲೈವುಡ್. ಅದರ ತೂಕವೇ ಸುಮಾರು 20 ಕಿಲೋ. ಆಮೇಲೆ ಯಾರೋ ಅದಕ್ಕೆ ಪೂರ್ತಿ ಉದ್ದದ 4 ಎಂಎಂ ಕನ್ನಡಿ ಅಂಟಿಸಿದ್ದರು. ಅಷ್ಟು ದಪ್ಪದ ಕನ್ನಡಿ ಚದರ ಮೀಟರ್‌ಗೆ 10 ಕಿಲೋ ತೂಗುತ್ತದೆ, ಅಂದರೆ ಶಟರ್ ತೂಕ ಹೆಚ್ಚುಕಡಿಮೆ ದುಪ್ಪಟ್ಟು. ಕೆಳಗಿನ ಎರಡು ವೀಲ್ ಮಾತ್ರ ಹಳೆಯವೇ. ಸಾಲದ್ದಕ್ಕೆ ನಮ್ಮ ಮಳೆಗಾಲದ ತೇವ. ಬೇರಿಂಗ್ ತುಕ್ಕು ಹಿಡಿದು, ಆಗಾಗ ತಿರುಗದೆ ಉಜ್ಜಿಕೊಂಡೇ ಹೋಗಿ ನೈಲಾನ್ ವೀಲ್ ಒಂದು ಕಡೆ ಚಪ್ಪಟೆಯಾಗಿತ್ತು.

ಇದು ಬಿಚ್ಚುವ ಮೊದಲೇ ಗೊತ್ತಾಗಿತ್ತು. ಬಾಗಿಲು ನಿಧಾನ ತಳ್ಳಿ ಸದ್ದು ಕೇಳಬೇಕು. 25 ಎಂಎಂ ವೀಲ್ ಒಂದು ಸುತ್ತಿಗೆ ಸುಮಾರು 8 ಸೆಂಟಿಮೀಟರ್ ಸಾಗುತ್ತದೆ. ಅಷ್ಟಷ್ಟು ದೂರಕ್ಕೆ "ಟಕ್, ಟಕ್" ಅಂತ ಬಂದರೆ ತೊಂದರೆ ವೀಲ್‌ನಲ್ಲಿದೆ. ಪ್ರತಿ ಸಲ ಒಂದೇ ಜಾಗದಲ್ಲಿ ಎಡವಿದರೆ ಟ್ರ್ಯಾಕ್ ಪಟ್ಟಿ ಬಾಗಿದೆ. ಇಲ್ಲಿ ಎರಡೂ ಇತ್ತು. ವೀಲ್ ಸವೆದಾಗ ಶಟರ್ ಕೆಳಗೆ ಕೂರುತ್ತದೆ, ಮೇಲಿನ ಗೈಡ್‌ನ ಹಿಡಿತ ಕಮ್ಮಿಯಾಗುತ್ತದೆ. ವೀಲನ್ನು ಮೇಲೆ ಕೆಳಗೆ ಮಾಡುವ ಸ್ಕ್ರೂ ತಿರುಗಿಸಿದರೆ ಎತ್ತರ ವಾಪಸ್ ಬರುತ್ತದೆ, ನಿಜ. ಆದರೆ ಪಟ್ಟಿಯ ಮೇಲೆ ಉಬ್ಬಿರುವ ದಿಂಡನ್ನು ಹಿಡಿದುಕೊಳ್ಳುವ ವೀಲ್‌ನ ಕಾಲುವೆ ಸವೆದೇ ಇರುತ್ತದೆ, ಅದಕ್ಕೇ ಮತ್ತೆ ಹಾರುತ್ತದೆ. ಹಾರಿದ ಶಟರನ್ನು ಹಾಗೆಯೇ ತಳ್ಳಿದ್ದಕ್ಕೆ ಅಲ್ಯೂಮಿನಿಯಂ ದಿಂಡು ಒಂದು ಗೇಣು ಉದ್ದ ಓರೆಯಾಗಿತ್ತು.

ಬಿಚ್ಚಬೇಕಾದರೆ ಮೊದಲು ಸ್ಕ್ರೂ ಸಡಿಲಿಸಿ ವೀಲ್ ಒಳಗೆ ಎಳೆದುಕೊಳ್ಳಬೇಕು. ವೀಲ್ ಹಾರದಂತೆ ತಡೆಯುವ ಕ್ಲಿಪ್ ಬಿಡಿಸಿ, ಶಟರನ್ನು ಮೇಲಿನ ಚಾನೆಲ್‌ಗೆ ಎತ್ತಿ, ಬುಡವನ್ನು ನಮ್ಮ ಕಡೆಗೆ ಎಳೆಯಬೇಕು. ಇಲ್ಲಿ ಸ್ಕ್ರೂ ಕೊನೆವರೆಗೂ ತಿರುಗಿತ್ತು, ಶಟರ್ ಎತ್ತಲು ಮೇಲೆ ಜಾಗವೇ ಇಲ್ಲ. ಸ್ಕ್ರೂ ತಲೆಯೂ ಸವೆದಿತ್ತು. ಒಂದು ವೀಲ್ ಪಟ್ಟಿಯಿಂದ ಹೊರಗೆ, ಕನ್ನಡಿ ಸಮೇತ ಶಟರ್ ನನ್ನ ಭುಜದ ಮೇಲೆ ವಾಲಿತ್ತು. ಕೆಳಗೆ ಗೆಸ್ಟ್‌ಗಳ ಕಾರು ಬಂದ ಸದ್ದು. ಮ್ಯಾನೇಜರ್ ಬಾಗಿಲಲ್ಲಿ ನಿಂತು "ಹತ್ತು ನಿಮಿಷ ಅಷ್ಟೇ" ಅನ್ನುತ್ತಿದ್ದರು.

"ಅಣ್ಣ, ಬಲ ಹಾಕಿ ಎಳೀಲಾ?" ಅಂದ ಜೊತೆಗಿದ್ದ ಹುಡುಗ.

"ಬೇಡ. ಬುಡಕ್ಕೆ ಮರದ ಆಪು ಕೊಡು. ಭಾರ ಇಳಿಯಲಿ."

ಆಪು ಕೊಟ್ಟ ಮೇಲೆ ಸ್ಕ್ರೂ ಮೇಲಿನ ಭಾರ ಹೋಯಿತು. ಹುಡುಗ ಅಗಲದ ರಬ್ಬರ್ ಬ್ಯಾಂಡ್ ತುಂಡನ್ನು ಸ್ಕ್ರೂ ತಲೆಯ ಮೇಲಿಟ್ಟು ಸ್ಟಾರ್ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದ. ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಗೆಸ್ಟ್‌ಗಳಿಗೆ ಬೇರೆ ರೂಮ್ ಕೊಡಿ ಎಂದು ನಾನೇ ಮ್ಯಾನೇಜರ್‌ಗೆ ಹೇಳಿದೆ. ಕನ್ನಡಿ ಬಾಗಿಲಿನ ಕೆಲಸವನ್ನು ಚೆಕ್‌ಇನ್ ಸಮಯ ನೋಡಿಕೊಂಡು ಮಾಡಲಾಗುವುದಿಲ್ಲ.

ದಿಂಡಿನ ಎರಡೂ ಬದಿಗೆ ಗಟ್ಟಿ ಮರದ ತುಂಡು ಇಟ್ಟು, ಇಕ್ಕಳದಿಂದ ಸ್ವಲ್ಪಸ್ವಲ್ಪವೇ ನೇರ ಮಾಡಿದೆವು. ಪ್ರತಿ ಸಲ ಸ್ಟೀಲ್ ಸ್ಕೇಲ್ ಇಟ್ಟು ನೋಡಬೇಕು. ಅಲ್ಯೂಮಿನಿಯಂ ಆ ಕಡೆ ಈ ಕಡೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಬಿರುಕು ಕಂಡರೆ ಪಟ್ಟಿ ಬದಲಾಯಿಸುವುದೇ ದಾರಿ. ಈ ಪಟ್ಟಿ ಉಳಿಯಿತು. ಹೊಸ ವೀಲ್ ತರಲು ಹಳೆಯದನ್ನೂ ಜೊತೆಗೆ ಒಯ್ದೆ, ಕಾಲುವೆಯ ಅಗಲ ದಿಂಡಿಗೆ ಸರಿಹೊಂದಬೇಕಲ್ವಾ. ಶಟರ್ ತೂಕ ಹೇಳಿ, 40 ಕಿಲೋಗಿಂತ ಜಾಸ್ತಿ ತಡೆಯುವ ಜೋಡಿ ಕೇಳಿದೆ.

ಸ್ಕ್ರೂಗೆ ನಿಜವಾದ ಕೆಲಸ ಇರುವುದು ಇದಾದ ಮೇಲೆ. ಶಟರನ್ನು ಪಕ್ಕದ ಪ್ಯಾನೆಲ್‌ಗೆ ತಾಗಿಸಿ ಸಂದು ನೋಡಿದೆ. ಮೇಲ್ಗಡೆ ಸಂದು ಇತ್ತು, ಹಾಗಾಗಿ ಪ್ಯಾನೆಲ್‌ನಿಂದ ದೂರದ ವೀಲ್ ಎತ್ತರಿಸಿದೆ. ಸಂದು ಕೆಳಗಿದ್ದರೆ ಹತ್ತಿರದ್ದನ್ನು ಎತ್ತರಿಸಬೇಕು. ಅರ್ಧರ್ಧ ಸುತ್ತು ಮಾತ್ರ, ಅದೂ ಹುಡುಗ ಶಟರ್ ಭಾರ ಹಿಡಿದುಕೊಂಡಾಗ. ತೀರಾ ಎತ್ತರಿಸಿದರೆ ಮೇಲಿನ ಚಾನೆಲ್‌ಗೆ ಉಜ್ಜುತ್ತದೆ. ಕೊನೆಗೆ ಕ್ಲಿಪ್ ಒತ್ತಿ ಹಾಕಿದೆ. ಹಿಂದೆ ರಿಪೇರಿ ಮಾಡಿದವರು ಅದನ್ನು ಹಾಕದೆಯೇ ಹೋಗಿದ್ದರು.

ಉಳಿದ ರೂಮುಗಳಲ್ಲೂ ಅದೇ ಕನ್ನಡಿ, ಅದೇ ಹಳೇ ವೀಲ್. ಎಲ್ಲವನ್ನೂ ಬದಲಾಯಿಸಿ ಎಂದು ಬರೆದುಕೊಟ್ಟಿದ್ದೇನೆ. "ಸೀಸನ್ ಮುಗಿಯಲಿ" ಅನ್ನುತ್ತಿದ್ದಾರೆ ಮ್ಯಾನೇಜರ್.