ಮೊದಲ ಸಂಬಳದ ಫೋಟೊ ಕೆಳಗಿನ ಮೂರು ವಾಕ್ಯ

"ಸರ್, ಮೊದಲ ಸಂಬಳ ಬಂತು. ಅಪ್ಪ ಅಮ್ಮನ ಜೊತೆ ತೆಗೆಸಿಕೊಂಡ ಫೋಟೊ ಹಾಕಬೇಕು. ಕ್ಯಾಪ್ಷನ್ ಏನು ಬರೆಯಲಿ? ಸಿಂಪಲ್ಲಾಗಿರಬೇಕು, ಆದರೆ ಮನಸ್ಸಿನಿಂದ ಬಂದ ಹಾಗಿರಬೇಕು."

ಅಪ್ಪ ಅಮ್ಮ ನಿಮಗಾಗಿ ದಿನವೂ ಮಾಡುತ್ತಿದ್ದ, ನೀವು ಕಣ್ಣಾರೆ ಕಂಡ ಒಂದೇ ಒಂದು ಕೆಲಸವನ್ನು ಹೆಸರಿಸಿ, ಅದನ್ನು ಅವರಿಗೇ ಹೇಳುವ ಹಾಗೆ ಬರೆಯಿರಿ. ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನ್ನನ್ನು ಹಳೆಯ ವಿದ್ಯಾರ್ಥಿಗಳು ಇದನ್ನು ಕೇಳಿದಾಗಲೆಲ್ಲ ನಾನು ಕೊಡುವ ಸಲಹೆ ಇದು.

ತಿಪಟೂರಿನ ಒಬ್ಬ ವಿದ್ಯಾರ್ಥಿನಿಯ ಉದಾಹರಣೆಯನ್ನು ಅವಳ ಒಪ್ಪಿಗೆಯಿಂದಲೇ ಇಲ್ಲಿ ಹೇಳುತ್ತಿದ್ದೇನೆ. ತಂದೆ ಕೊಬ್ಬರಿ ಮಂಡಿಯಲ್ಲಿ ಹಮಾಲಿ, ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಅವಳು ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆಯನ್ನೂ ಅಪ್ಪನಿಗೆ ಪಂಚೆ, ಶರ್ಟನ್ನೂ ತಂದು, ದೇವರ ಮುಂದಿಟ್ಟು ಕೊಟ್ಟು, ಮೂವರೂ ನಿಂತ ಫೋಟೊ ತೆಗೆಸಿಕೊಂಡಳು. ಅದರ ಕೆಳಗೆ ಹಾಕಲು ಅವಳು ಬರೆದಿದ್ದ ಸಾಲು ಹೀಗಿತ್ತು: "ನನ್ನ ಪಾಲಿನ ದೇವರಾದ ತಂದೆ ತಾಯಿಯ ತ್ಯಾಗಕ್ಕೆ ಈ ಪುಟ್ಟ ಕಾಣಿಕೆ. ನಿಮ್ಮ ಋಣವನ್ನು ಎಂದಿಗೂ ತೀರಿಸಲಾರೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಸಾಲನ್ನು ಯಾರ ಮನೆಯ ಫೋಟೊದ ಕೆಳಗೆ ಇಟ್ಟರೂ ಒಪ್ಪುತ್ತದೆ, ಮಂಡಿಯ ಆ ಅಪ್ಪನಾಗಲಿ ಹೊಲಿಗೆಯ ಆ ಅಮ್ಮನಾಗಲಿ ಅದರೊಳಗೆ ಎಲ್ಲಿಯೂ ಕಾಣುವುದಿಲ್ಲ. ಡಿಗ್ರಿ ಓದುವಾಗ ನಿನ್ನ ಬೆಳಗು ಹೇಗೆ ಶುರುವಾಗುತ್ತಿತ್ತು ಎಂದು ಕೇಳಿದೆ. ತುಮಕೂರಿನ ರೈಲು ಹಿಡಿಯಬೇಕಿತ್ತು, ಅಮ್ಮ ಎಲ್ಲರಿಗಿಂತ ಮುಂಚೆ ಎದ್ದು ಬುತ್ತಿ ಕಟ್ಟುತ್ತಿದ್ದರು, ಅಪ್ಪ ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಬಿಟ್ಟು ಅಲ್ಲಿಂದಲೇ ಮಂಡಿಗೆ ಹೋಗುತ್ತಿದ್ದರು ಎಂದಳು. ಕ್ಯಾಪ್ಷನ್ ಅಲ್ಲೇ ಇತ್ತು:

"ಅಪ್ಪ, ಅಮ್ಮ, ಮೊದಲ ಸಂಬಳದಲ್ಲಿ ನಿಮಗೆ ಬಟ್ಟೆ ತಂದಿದ್ದೇನೆ. ಮೂರು ವರ್ಷ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು, ಸೈಕಲ್ಲಿನಲ್ಲಿ ಕರೆದುಕೊಂಡು ಹೋಗಿ ನನ್ನನ್ನು ರೈಲು ಹತ್ತಿಸಿದಿರಿ. ನಾನು ಅದನ್ನು ಮರೆತಿಲ್ಲ."

ಕರೆಯುವ ರೀತಿಯ ಬಗ್ಗೆ ಹಲವರಿಗೆ ಗೊಂದಲವಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ "ನೀನು", ಅಪ್ಪನಿಗೆ "ನೀವು" ಎನ್ನುವ ರೂಢಿಯಿರುವುದರಿಂದ, ನಾಲ್ಕು ಜನ ಓದುವ ಕಡೆ ಅಮ್ಮನನ್ನು ಏಕವಚನದಲ್ಲಿ ಬರೆಯಲು ಮಕ್ಕಳು ಹಿಂಜರಿಯುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕರೆದರೆ "ನೀವು" ತಾನಾಗಿಯೇ ಸರಿಹೋಗುತ್ತದೆ. ಅಮ್ಮನೊಬ್ಬರಿಗೇ ಬರೆಯುವಾಗ ಮನೆಯಲ್ಲಿ ಆಡುವ ಮಾತನ್ನೇ ಉಳಿಸಿಕೊಳ್ಳಿ, ಫೋಟೊಗೆಂದು ತಂದ ಬಹುವಚನ ಅವರ ಕಿವಿಗೇ ಅಪರಿಚಿತವಾಗಿ ಕೇಳುತ್ತದೆ. "ತಂದೆ ತಾಯಿ" ಎನ್ನುವುದಕ್ಕೂ ಇದೇ ಮಾತು ಸಲ್ಲುತ್ತದೆ. ನೀವು ಅವರನ್ನು ಹಾಗೆ ಕೂಗುವುದಿಲ್ಲವಲ್ಲ.

ಉದ್ದದ ವಿಷಯದಲ್ಲಿ ಇಷ್ಟು ಸಾಕು: ಇನ್‌ಸ್ಟಾಗ್ರಾಂ 2,200 ಅಕ್ಷರಗಳವರೆಗೆ ಬರೆಯಲು ಬಿಟ್ಟರೂ ಒತ್ತಿ ತೆರೆಯದೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಆದ್ದರಿಂದ ಅಪ್ಪ ಅಮ್ಮನನ್ನು ಕರೆಯುವ ಮಾತು ಅಲ್ಲೇ ಬರಲಿ, ಕಂಪನಿಯ ಹೆಸರು ಕೊನೆಗೆ ಹೋಗಲಿ ಅಥವಾ ಬಿಟ್ಟೇಹೋಗಲಿ.

ಏನನ್ನು ಬರೆಯಬಾರದು ಎಂಬುದರ ಬಗ್ಗೆ ಹೆಚ್ಚು ಯೋಚಿಸಬೇಕು. ಇದೇ ಹುಡುಗಿಯ ಮೊದಲ ವರ್ಷದ ಫೀಸಿಗೆ ಅಮ್ಮನ ಸರ ಅಡವಿಗೆ ಹೋಗಿತ್ತು. ಅದನ್ನೇ ಬರೆದರೆ ಓದಿದವರ ಮನಸ್ಸು ಕರಗುತ್ತದೆ ಎಂದು ಅವಳಿಗೆ ಅನಿಸಿತ್ತು. ಆದರೆ ಆ ವಿಷಯವನ್ನು ಅಮ್ಮ ತವರುಮನೆಯವರಿಗೂ ಹೇಳಿರಲಿಲ್ಲ, ಮತ್ತು ವಾಟ್ಸಾಪ್ ಸ್ಟೇಟಸ್ 24 ಗಂಟೆಯಲ್ಲಿ ಮರೆಯಾಗುವುದಾದರೂ ಅಷ್ಟರೊಳಗೆ ಅದನ್ನು ಮೊದಲು ನೋಡುವವರು ನೆಂಟರೇ. ಸಾಲ, ಅಡವು, ಅಪ್ಪನ ಕಾಯಿಲೆ ಇವೆಲ್ಲ ಅವರ ಮಾತುಗಳು, ನಾವು ಕೃತಜ್ಞತೆಯ ಹೆಸರಿನಲ್ಲಿ ಹೊರಗೆ ಹಾಕುವಂಥವಲ್ಲ. ಸರದ ಮಾತನ್ನು ಅವಳು ಅಮ್ಮನ ಪಕ್ಕದಲ್ಲಿ ಕುಳಿತು ಹೇಳಿದಳು, ಹೇಳಬೇಕಾದದ್ದೂ ಹಾಗೆಯೇ. ಸಂಬಳದ ಚೀಟಿಯ ಫೋಟೊವನ್ನಂತೂ ಸೇರಿಸಲೇಬೇಡಿ. ಅದರಲ್ಲಿ ಸಾಮಾನ್ಯವಾಗಿ ಪ್ಯಾನ್ ಸಂಖ್ಯೆ, ಪಿಎಫ್‌ನ ಯುಎಎನ್, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲವೂ ಇರುತ್ತವೆ.

ಹಾಕುವ ಮೊದಲು ಬರೆದದ್ದನ್ನು ಅವರಿಗೆ ಓದಿ ಹೇಳಿ. ಅವಳು ಫೋನಿನಲ್ಲಿ ಓದಿದಾಗ ಅಪ್ಪ ಒಂದು ತಿದ್ದುಪಡಿ ಹೇಳಿದರು: ರಾತ್ರಿ ಲೋಡಿನ ಕೆಲಸವಿದ್ದ ದಿನಗಳಲ್ಲಿ ಸೈಕಲ್ಲು ತುಳಿದವನು ತಮ್ಮ, ಅವನನ್ನೂ ಸೇರಿಸು ಎಂದರು. ಅವಳು ಕೊನೆಯ ವಾಕ್ಯಕ್ಕೆ ಮುಂಚೆ "ಅಪ್ಪ ಇಲ್ಲದ ದಿನ ತಮ್ಮ ಬಿಟ್ಟುಬಂದ" ಎಂದು ಸೇರಿಸಿ ಫೋಟೊ ಹಾಕಿದಳು.