ಇಳಿಬಿಸಿಲಿನ ಫೋಟೋಗೆ ಮರದ ನೆರಳು ಹಾಕುವುದು

"ಸಂಜೆ ಬಿಸಿಲಿನ ಫೋಟೋದಲ್ಲಿ ಲಾನ್ ಮೇಲೆ, ರಸ್ತೆ ಮೇಲೆ ಮರದ ಉದ್ದ ನೆರಳು ಹಾಕ್ತೀನಿ. ಉದ್ದ ಸರಿ ಇದೆ, ಕಪ್ಪೂ ಸರಿ ಇದೆ ಅನ್ಸುತ್ತೆ. ಆದ್ರೂ ಅಂಟಿಸಿದ ಹಾಗೇ ಕಾಣುತ್ತೆ. ಯಾಕೆ?"

ಹೆಚ್ಚಿನ ಸಲ ತಪ್ಪಿರುವುದು ಅಂಚಿನಲ್ಲಿ. ಮರದ ಆಕೃತಿಯನ್ನು ಕಪ್ಪು ಮಾಡಿ, ನೆಲಕ್ಕೆ ಮಲಗಿಸಿ, ಒಂದೇ ಪ್ರಮಾಣದ ಬ್ಲರ್ ಕೊಟ್ಟು ಬಿಡುತ್ತಾರೆ. ನಿಜವಾದ ನೆರಳು ಹಾಗಿರುವುದಿಲ್ಲ. ಬುಡದ ಹತ್ತಿರ ಅದು ಗೆರೆ ಎಳೆದಷ್ಟು ಚೂಪಾಗಿರುತ್ತದೆ, ತುದಿಗೆ ಹೋಗುತ್ತಾ ಕರಗುತ್ತದೆ. ಸೂರ್ಯ ಕೆಳಗಿಳಿದಷ್ಟೂ ಈ ವ್ಯತ್ಯಾಸ ಹೆಚ್ಚು. ಹಾಗಾಗಿ ಮಧ್ಯಾಹ್ನದ ನೆರಳಿಗೆ ನಡೆದುಹೋಗುವ ಸೋಮಾರಿತನ ಸಂಜೆಯ ನೆರಳಿನಲ್ಲಿ ಸಿಕ್ಕಿಬೀಳುತ್ತದೆ.

ಇದಕ್ಕೆ ಕಾರಣ ಸೂರ್ಯನ ಗಾತ್ರ. ಆಕಾಶದಲ್ಲಿ ಸೂರ್ಯ ಚುಕ್ಕೆಯಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳು ಕೊಡುವ ವಸ್ತುವಿನಿಂದ ನೆಲ 100 ಮೀಟರ್ ದೂರವಿದ್ದರೆ ನೆರಳಿನ ಅಂಚು ಸುಮಾರು ಒಂದು ಮೀಟರ್ ಅಗಲಕ್ಕೆ ಹರಡಿ ಮಸುಕಾಗುತ್ತದೆ, 10 ಮೀಟರ್ ಇದ್ದರೆ ಸುಮಾರು 10 ಸೆಂಟಿಮೀಟರ್. ಇಲ್ಲಿ ಲೆಕ್ಕಕ್ಕೆ ಬರುವುದು ಮರದ ಎತ್ತರವಲ್ಲ, ಬೆಳಕು ಆ ಕೊಂಬೆಯನ್ನು ದಾಟಿ ನೆಲ ಮುಟ್ಟುವವರೆಗೆ ಓರೆಯಾಗಿ ಸಾಗುವ ದೂರ.

ಒಂದು ಫೋಟೋ ಇಟ್ಟುಕೊಂಡು ನೋಡೋಣ. ರಸ್ತೆ ನಮ್ಮಿಂದ ದೂರಕ್ಕೆ ಹೋಗುತ್ತಿದೆ, ಕ್ಯಾಮೆರಾ ರಸ್ತೆಯ ಮೇಲಿದೆ. ಎಡಕ್ಕೆ ಲಾನ್, ಅದರ ಅಂಚಿಗೆ ಸುಮಾರು 15 ಸೆಂಟಿಮೀಟರ್ ಎತ್ತರದ ಕರ್ಬ್ ಕಲ್ಲು. ಸೂರ್ಯ ಎಡಕ್ಕೆ, ಸ್ವಲ್ಪ ಮುಂದೆ, ಚೌಕಟ್ಟಿನ ಹೊರಗಿದೆ. ಲಾನ್ ಮೇಲೆ ಒಂದು ಮೀಟರ್ ಎತ್ತರದ ಎರಡು ಕಂಬಗಳಿವೆ, ಅವುಗಳ ನೆರಳು 4 ಮೀಟರ್ ಉದ್ದ. ಅಂದರೆ ಸೂರ್ಯ ದಿಗಂತದಿಂದ 14 ಡಿಗ್ರಿ ಮೇಲಿದ್ದಾನೆ, ಪ್ರತಿಯೊಂದು ವಸ್ತುವಿನ ನೆರಳೂ ಅದರ ಎತ್ತರದ ನಾಲ್ಕು ಪಟ್ಟು. ಚೌಕಟ್ಟಿನ ಎಡಕ್ಕೆ, ಹೊರಗೆ, 8 ಮೀಟರಿನ ಮರವೊಂದಿದೆ ಎಂದುಕೊಂಡು ಅದರ ನೆರಳನ್ನು ಲಾನ್ ದಾಟಿಸಿ ರಸ್ತೆಗೆ ತರಬೇಕು. ಉದ್ದ 32 ಮೀಟರ್.

ದಿಕ್ಕನ್ನು ಅಂದಾಜಿಗೆ ಬಿಡಬೇಡಿ, ಫೋಟೋ ತಾನೇ ಹೇಳುತ್ತದೆ. ಮೊದಲು ಫೋಟೋಶಾಪ್‌ನ `Image > Canvas Size` ನಲ್ಲಿ ಎಡಕ್ಕೂ ಮೇಲಕ್ಕೂ ಧಾರಾಳ ಜಾಗ ಮಾಡಿಕೊಳ್ಳಿ. ಎರಡೂ ಕಂಬಗಳ ನೆರಳಿನ ಗೆರೆಗಳನ್ನು ಹಿಂದಕ್ಕೆ ಎಳೆದರೆ ಅವು ದಿಗಂತದ ಮೇಲೆ ಒಂದು ಬಿಂದುವಿನಲ್ಲಿ ಕೂಡುತ್ತವೆ, ಅದು ಸೂರ್ಯನ ಪಾದ. ಇನ್ನು ಪ್ರತಿ ಕಂಬದ ನೆರಳಿನ ತುದಿಯಿಂದ ಆ ಕಂಬದ ತಲೆಯ ಮೂಲಕ ಗೆರೆ ಎಳೆಯಿರಿ. ಆ ಎರಡು ಗೆರೆಗಳು ಪಾದದ ಮೇಲ್ಭಾಗದಲ್ಲಿ ಕೂಡುತ್ತವೆ, ಅಲ್ಲೇ ಸೂರ್ಯ. ಈ ಎರಡು ಬಿಂದು ಸಿಕ್ಕರೆ ನೆರಳಿನ ಜಾಗಕ್ಕೆ ಬೇರೆ ಅಳತೆಯೇ ಬೇಡ. ಪಾದದಿಂದ ಮರದ ಬುಡದ ಮೂಲಕ ಒಂದು ಗೆರೆ, ಸೂರ್ಯನಿಂದ ಮರದ ತಲೆಯ ಮೂಲಕ ಇನ್ನೊಂದು. ಅವು ಕೂಡುವಲ್ಲಿ ನೆರಳಿನ ತುದಿ. ಮರ ಎಷ್ಟೇ ಇರಲಿ, ಎಲ್ಲಾ ಕಾಂಡಗಳ ನೆರಳೂ ಆ ಒಂದೇ ಪಾದದಿಂದ ಹೊರಟಂತಿರಬೇಕು. ಒಂದೇ ಕೋನದಲ್ಲಿ ಸಮಾನಾಂತರವಾಗಿ ಎಳೆದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಸೂರ್ಯ ನಿಮ್ಮ ಬೆನ್ನಿಗಿದ್ದರೂ ಕ್ರಮ ಇದೇ. ಆಗ ನೆರಳುಗಳು ನಿಮ್ಮಿಂದ ದೂರ ಹೋಗುತ್ತಾ ದಿಗಂತದ ಕಡೆ ಕೂಡುತ್ತವೆ, ತಲೆಯಿಂದ ತುದಿಗೆ ಎಳೆದ ಗೆರೆಗಳು ದಿಗಂತದ ಕೆಳಗೆ ಕೂಡುತ್ತವೆ.

ಈಗ ಬ್ಲರ್. ನನ್ನ ಸಲಹೆ: ಮರವನ್ನು ಮಲಗಿಸುವ ಮೊದಲೇ, ನಿಂತಿರುವಾಗಲೇ ಬ್ಲರ್ ಮಾಡಿ. ಹೆಚ್ಚಿನವರು ಮಾಡುವುದು ಇದಕ್ಕೆ ತಿರುವುಮುರುವು. ನಮ್ಮ 8 ಮೀಟರ್ ಮರದ ತುದಿಯಿಂದ ಬೆಳಕು ನೆಲಕ್ಕೆ ಬರಲು ಸುಮಾರು 33 ಮೀಟರ್ ಸಾಗುತ್ತದೆ, ಹಾಗಾಗಿ ಅಲ್ಲಿ ಅಂಚು ಅಡ್ಡಕ್ಕೆ ಸುಮಾರು 30 ಸೆಂಟಿಮೀಟರ್ ಮಸುಕು. ಆದರೆ ಬೆಳಕು ಓರೆಯಾಗಿ ಬೀಳುವುದರಿಂದ ನೆರಳು ಚಾಚಿದ ದಿಕ್ಕಿನಲ್ಲಿ ಅದೇ ಮಸುಕು ನಾಲ್ಕು ಪಟ್ಟಾಗುತ್ತದೆ, ಮೀಟರಿಗೂ ಹೆಚ್ಚು. ನಿಂತ ಮರಕ್ಕೆ ಬ್ಲರ್ ಕೊಟ್ಟು ಆಮೇಲೆ ಎಳೆದರೆ ಈ ಹಿಗ್ಗುವಿಕೆ ತಾನಾಗಿಯೇ ಬರುತ್ತದೆ. ಮಲಗಿಸಿದ ಮೇಲೆ ಕೊಟ್ಟರೆ ಎಲ್ಲಾ ಕಡೆಗೂ ಒಂದೇ ಅಳತೆಯ ಮಸುಕು ಸಿಗುತ್ತದೆ, ಅದು ಸುಳ್ಳು.

14 ಡಿಗ್ರಿಗೆ ಲೆಕ್ಕ ಸುಲಭ. ಯಾವುದೇ ಎತ್ತರದಲ್ಲಿ ಮಸುಕಿನ ಅಗಲ ಆ ಎತ್ತರದ ಸುಮಾರು 4 ಶೇಕಡಾ. ಮರದ ಆಕೃತಿ 2000 ಪಿಕ್ಸೆಲ್ ಎತ್ತರವಿದ್ದರೆ ತುದಿಯಲ್ಲಿ ಅಂಚು ಹೆಚ್ಚುಕಡಿಮೆ 80 ಪಿಕ್ಸೆಲ್‌ನಲ್ಲಿ ಕರಗಬೇಕು, ನಡುವೆ 40ರಲ್ಲಿ, ಬುಡದಲ್ಲಿ ಇಲ್ಲವೇ ಇಲ್ಲ. `Filter > Blur Gallery > Field Blur` ತೆರೆದು ಬುಡಕ್ಕೆ ಒಂದು ಪಿನ್ ಇಟ್ಟು ಸೊನ್ನೆ ಕೊಡಿ, ತುದಿಗೆ ಇನ್ನೊಂದು ಇಟ್ಟು, ಅಂಚು 80 ಪಿಕ್ಸೆಲ್ ಹರಡುವವರೆಗೆ ಏರಿಸಿ. ಬ್ಲರ್ ಮಾಡಿದ ಪ್ರತಿಯನ್ನು ಗ್ರೇಡಿಯಂಟ್ ಮಾಸ್ಕಿನಲ್ಲಿ ಮೂಲದ ಜೊತೆ ಬೆರೆಸುವ ಹಳೆಯ ಉಪಾಯ ಇಲ್ಲಿ ಬೇಡ. ಅದರಲ್ಲಿ ನಡುಭಾಗದ ಮಸುಕಿನೊಳಗೆ ಚೂಪಾದ ಅಂಚೂ ಮಿಣುಕುತ್ತಿರುತ್ತದೆ.

ಇಷ್ಟಾದ ಮೇಲೆ ಮರದ ತಲೆಯನ್ನು ಗಮನಿಸಿ. 5 ಸೆಂಟಿಮೀಟರ್ ದಪ್ಪದ ಕೊಂಬೆಗಳು ಗೆರೆಗಳಾಗಿ ಉಳಿದಿಲ್ಲ, ಬೂದು ಛಾಯೆಯಾಗಿವೆ. ನಿಜದಲ್ಲೂ ಹಾಗೇ. ಎಲೆಗಳ ನಡುವಿನ ಸಂದಿಗಳಿಂದ ಬಿದ್ದ ಬೆಳಕು ಸಂದಿಯ ಆಕಾರದಲ್ಲಿರದೆ ಉದ್ದನೆಯ ಮೊಟ್ಟೆಯಾಕಾರದ ಮಚ್ಚೆಯಾಗಿರುತ್ತದೆ. ಪ್ರತಿಯೊಂದು ಮಚ್ಚೆಯೂ ಸೂರ್ಯನದೇ ಬಿಂಬ, ಓರೆ ನೆಲದ ಮೇಲೆ ನಾಲ್ಕು ಪಟ್ಟು ಎಳೆದದ್ದು. ಸೇರಿಸಿದ ನೆರಳಿನಲ್ಲಿ ಎಲೆ ಎಲೆಯೂ ಎಣಿಸುವಂತೆ ಕಂಡರೆ ಅದನ್ನು ಯಾರೋ ಹಾಕಿದ್ದು ಎಂದು ಅಲ್ಲೇ ಗೊತ್ತಾಗುತ್ತದೆ.

ಮಲಗಿಸಲು `Edit > Transform > Distort`. ಆಕೃತಿಯ ಎರಡೂ ಪಕ್ಕಗಳು ಸೂರ್ಯನ ಪಾದದ ಕಡೆಗೆ ಮುಖ ಮಾಡಿರಬೇಕು, ತಲೆ ನಾವು ಕಂಡುಕೊಂಡ ತುದಿಗೆ ಮುಟ್ಟಬೇಕು. ಆಮೇಲೆ ಈ ಕಪ್ಪು ಲೇಯರನ್ನು ಹಾಗೇ `Multiply` ಮಾಡಿ ಬಿಡುವ ಬದಲು ಅದರ ಚಿಕ್ಕ ಚಿತ್ರದ ಮೇಲೆ Ctrl ಒತ್ತಿ ಕ್ಲಿಕ್ ಮಾಡಿ, ಲೇಯರನ್ನು ಮರೆಮಾಡಿ, `Curves` ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿಸಿ. ನೆರಳು ಮಾಸ್ಕಾಗಿ ಕೂರುತ್ತದೆ. ಬಣ್ಣಕ್ಕೆ ಮತ್ತೆ ಕಂಬದ ನೆರಳೇ ಗುರು. ನಮ್ಮ ಫೋಟೋದಲ್ಲಿ ಒಂದು ಕಂಬದ ನೆರಳಿನ ಪಕ್ಕದ ಬಿಸಿಲು ನೆಲ R 150, G 134, B 112 ಇದೆ ಎನ್ನಿ, ನೆರಳು R 88, G 86, B 84. ಕೆಂಪು ಬಹಳ ಇಳಿದಿದೆ, ನೀಲಿ ಕಡಿಮೆ. ನೆರಳಿಗೆ ಬಿಸಿಲು ತಪ್ಪಿದರೂ ಆಕಾಶದ ಬೆಳಕು ತಪ್ಪುವುದಿಲ್ಲವಲ್ಲ. `Curves` ನ ಕೆಂಪು ಚಾನೆಲ್‌ನಲ್ಲಿ ಒಂದು ಬಿಂದು ಇಟ್ಟು Input 150, Output 88 ಎಂದು ಕೊಡಿ, ಹಸಿರು ನೀಲಿಗಳಿಗೂ ಹೀಗೆಯೇ. ಅಳೆಯುವುದು ಕಂಬದ ಬುಡದ ಹತ್ತಿರವೇ ಇರಲಿ. ತೆಳ್ಳನೆಯ ಕಂಬದ ನೆರಳು ತುದಿಗೆ ಹೋಗುತ್ತಾ ತಾನೇ ತೆಳುವಾಗುತ್ತದೆ, ಅಲ್ಲಿ ಅಳೆದರೆ ಸಂಖ್ಯೆ ಮೋಸ ಮಾಡುತ್ತದೆ. ಹುಲ್ಲಿಗೂ ಡಾಂಬರಿಗೂ ಬೇರೆ ಬೇರೆ `Curves` ಇಟ್ಟುಕೊಳ್ಳುವುದು ಒಳ್ಳೆಯದು.

ಕರ್ಬ್ ಕಲ್ಲಿನ ಹತ್ತಿರ ಎರಡು ಕೆಲಸವಿದೆ, ಎರಡನ್ನೂ ಜನ ಮರೆಯುತ್ತಾರೆ. ಲಾನ್ ರಸ್ತೆಗಿಂತ ಎತ್ತರದಲ್ಲಿದೆ. ಕಾಂಡದ ನೆರಳಿನ ಗೆರೆ ಅಂಚಿಗೆ ಬಂದಾಗ ಕಲ್ಲಿನ ಎತ್ತರದಷ್ಟು ನೇರ ಕೆಳಗಿಳಿದು, ರಸ್ತೆಯಿಂದ ಅದೇ ದಿಕ್ಕಿನಲ್ಲಿ ಮುಂದುವರಿಯಬೇಕು. ಕಲ್ಲಿನ ಮುಖ ಸೂರ್ಯನಿಗೆ ಬೆನ್ನು ಹಾಕಿರುವುದರಿಂದ ಅದರ ಮೇಲೆ ನೆರಳು ಹಾಕಬೇಡಿ. ಚಿತ್ರದಲ್ಲಿ ಕಲ್ಲಿನ ಮುಖ ಅಲ್ಲಿ ಎಷ್ಟು ಪಿಕ್ಸೆಲ್ ಎತ್ತರ ಕಾಣುತ್ತದೋ ಅಷ್ಟು ಕೆಳಗಿನಿಂದ. ಮಾಸ್ಕನ್ನು ಕಲ್ಲಿನ ಗೆರೆಯಲ್ಲಿ ಕತ್ತರಿಸಿ ರಸ್ತೆಯ ಕಡೆಯ ತುಂಡನ್ನು ಅಷ್ಟು ಕೆಳಗೆ ಸರಿಸಿದರೆ ಆಯಿತು. ಎರಡನೆಯದು, ಕರ್ಬ್ ಕಲ್ಲಿಗೂ ತನ್ನದೇ ನೆರಳಿದೆ. ಸೂರ್ಯನಿಂದ ದೂರದ ದಿಕ್ಕಿಗೆ 60 ಸೆಂಟಿಮೀಟರ್ ಚಾಚಿದ ಒಂದು ಪಟ್ಟಿ ಫೋಟೋದಲ್ಲಿ ಮೊದಲೇ ಇದೆ. ನಿಮ್ಮ ಮರದ ನೆರಳು ಅದರ ಮೇಲೂ ಹಾದುಹೋದರೆ ಅಲ್ಲಿ ಎರಡು ಪಟ್ಟು ಕಪ್ಪಾಗುತ್ತದೆ. ಬಿಸಿಲೇ ಇಲ್ಲದ ಜಾಗದಲ್ಲಿ ಇನ್ನಷ್ಟು ಬಿಸಿಲು ತಡೆಯಲು ಆಗುವುದಿಲ್ಲ. ಮೊದಲಿದ್ದ ಎಲ್ಲಾ ನೆರಳುಗಳನ್ನೂ ಮಾಸ್ಕಿನಿಂದ ಅಳಿಸಿ. ಕಂಬಗಳ ನೆರಳು, ಬಿದ್ದ ಎಲೆಗಳ ಕೆಳಗಿನ ಕಪ್ಪು, ಎಲ್ಲವನ್ನೂ.

ಇದೇ ಮಾತು ಡಾಂಬರಿನ ಕಣಕಣಕ್ಕೂ ಹೊಂದುತ್ತದೆ. ಓರೆ ಬಿಸಿಲಿನಲ್ಲಿ ರಸ್ತೆಯ ಪ್ರತಿ ಜಲ್ಲಿಯೂ ಮಿಂಚಿ ತನ್ನ ಹಿಂದೆ ಪುಟ್ಟ ನೆರಳು ಬಿಡುತ್ತದೆ. ಆ ಜಾಗ ಮರದ ನೆರಳಿಗೆ ಬಂದರೆ ಮಿಂಚೂ ಹೋಗಬೇಕು, ಪುಟ್ಟ ನೆರಳೂ ಹೋಗಬೇಕು. ಕೆಳಗಿನ ಫೋಟೋದ ಒಂದು ಪ್ರತಿ ಮಾಡಿ `Camera Raw Filter` ನಲ್ಲಿ `Texture` ಮತ್ತು `Clarity` ಇಳಿಸಿ, ಅದೇ ಮಾಸ್ಕ್ ಹಾಕಿ.

ನೆಲ ಸಮತಟ್ಟಾಗಿದ್ದರೆ ಮಾತ್ರ ನಾಲ್ಕು ಪಟ್ಟಿನ ಲೆಕ್ಕ. ಸೂರ್ಯನಿಂದ ದೂರದ ದಿಕ್ಕಿಗೆ ಲಾನ್ ಬರೇ 5 ಡಿಗ್ರಿ ಇಳಿಜಾರಾಗಿದ್ದರೂ ಇದೇ ಬಿಸಿಲಿನಲ್ಲಿ ನೆರಳು ಆರು ಪಟ್ಟು ದಾಟುತ್ತದೆ. ಹಾಗಾಗಿ ಅಳತೆಯ ಕಂಬ ಮರ ನಿಂತ ಇಳಿಜಾರಿನಲ್ಲೇ ಇರಬೇಕು, ಬೇರೆ ಕಡೆಯ ಕಂಬ ಸಾಲದು.

ಮೋಡದ ದಿನದ ಫೋಟೋ ತಂದು ಇದನ್ನೇ ಕೇಳುವವರೂ ಇದ್ದಾರೆ. ಅದಕ್ಕೆ ನೆರಳು ಸೇರಿಸಲು ಹೋಗಬೇಡಿ. ಆ ಫೋಟೋದಲ್ಲಿ ಇಡೀ ನೆಲವೇ ನೆರಳಿನಲ್ಲಿದೆ, ಸೇರಿಸಬೇಕಾದ್ದು ಬಿಸಿಲು. ಮಾಸ್ಕನ್ನು `Invert` ಮಾಡಿ, ನೆರಳಿಲ್ಲದ ಜಾಗವನ್ನು `Curves` ನಲ್ಲಿ ಬೆಚ್ಚಗೆ ಏರಿಸಿ. ಸೂರ್ಯ 14 ಡಿಗ್ರಿಯಲ್ಲಿದ್ದಾಗ ಮಲಗಿದ ನೆಲಕ್ಕೆ ಸಿಗುವ ಬಿಸಿಲಿನ ಸುಮಾರು ನಾಲ್ಕು ಪಟ್ಟು ಸೂರ್ಯನಿಗೆ ಎದುರಾಗಿ ನಿಂತ ಮೇಲ್ಮೈಗೆ ಸಿಗುತ್ತದೆ. ಲಾನ್ ಬೆಳಗಿಸಿ ಮರದ ಕಾಂಡ, ಗೋಡೆ, ಕಂಬಗಳನ್ನು ಮೋಡದ ಬೂದು ಬಣ್ಣದಲ್ಲೇ ಬಿಟ್ಟರೆ ನೆರಳು ಎಷ್ಟೇ ಚೆನ್ನಾಗಿದ್ದರೂ ಫೋಟೋ ನಂಬಿಸುವುದಿಲ್ಲ. ಅವುಗಳ ಸೂರ್ಯನ ಕಡೆಯ ಮುಖಗಳಿಗೆ ಬೇರೆ ಲೇಯರ್ ಮಾಡಿ, ನೆಲಕ್ಕಿಂತ ಎದ್ದು ಕಾಣುವಷ್ಟು ಏರಿಸಿ, ಆಮೇಲೆ ನೆರಳಿನ ಕೆಲಸಕ್ಕೆ ಕೈ ಹಾಕಿ.